15 ಸೆಕೆಂಡಿನ ಕಾಲರ್ ಮೈಕ್ ವಿಡಿಯೋ, ಕೆಳಗೆ ಒಂದೇ ಸಾಲು: ಕ್ಯಾಪ್ಷನ್ ಬರೆಯುವ ಬಗೆ

ಮೊಬೈಲ್ ಅಂಗಡಿಯವರು ಹಾಕುವ ಪುಟ್ಟ ವಿಡಿಯೋಗಳ ಕೆಳಗೆ ಏನು ಬರೆದಿರುತ್ತಾರೆ ಅಂತ ಒಮ್ಮೆ ಗಮನಿಸಿ. "ಹೊಸ ಸ್ಟಾಕ್ ಬಂದಿದೆ 🔥🔥", "ಸೂಪರ್ ಕ್ವಾಲಿಟಿ, ಬೆಸ್ಟ್ ರೇಟ್", "ಇಂದೇ ಭೇಟಿ ನೀಡಿ". ಈ ಸಾಲುಗಳನ್ನು ಟೆಂಪರ್ಡ್ ಗ್ಲಾಸಿಗೂ ಹಾಕಬಹುದು, ಪವರ್ ಬ್ಯಾಂಕಿಗೂ ಹಾಕಬಹುದು, ಪಕ್ಕದ ಬಟ್ಟೆ ಅಂಗಡಿಗೂ ಹಾಕಬಹುದು. ಅದಾದ ಮೇಲೆ ಕಮೆಂಟುಗಳನ್ನು ನೋಡಿ. ಅಲ್ಲಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿರುತ್ತಾರೆ: "ನನ್ನ ಫೋನಿಗೆ ಆಗುತ್ತಾ?"

ಫೋನಿಗೆ ಹಾಕುವ ಯಾವ ಸಾಮಾನಾದರೂ ಈ ಪ್ರಶ್ನೆ ಬಂದೇ ಬರುತ್ತದೆ. ಸಾಮಾನು ಕೆಲಸ ಮಾಡುತ್ತದೆ ಅನ್ನುವುದನ್ನು ವಿಡಿಯೋ ತೋರಿಸಿಬಿಡುತ್ತದೆ. ಆದರೆ ಅದು ಕೆಲಸ ಮಾಡಿದ್ದು ನಿಮ್ಮ ಫೋನಿನಲ್ಲಿ. ನೋಡುವವರ ಕೈಯಲ್ಲಿ ಇರುವುದು ಬೇರೆ ಫೋನು. ಈ ಎರಡರ ನಡುವಿನ ಅಂತರವನ್ನು ತುಂಬುವುದೇ ಕ್ಯಾಪ್ಷನ್‌ನ ಕೆಲಸ. ಉಳಿದದ್ದೆಲ್ಲ ಜಾಗ ಇದ್ದರೆ ಆಮೇಲೆ.

ಎಲ್ಲ ಸಾಮಾನುಗಳ ಬಗ್ಗೆ ಒಟ್ಟಿಗೆ ಹೇಳುವ ಬದಲು ಒಂದನ್ನೇ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ: ವೈರ್ ಇಲ್ಲದ ಕಾಲರ್ ಮೈಕ್. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು, ಫೋನಿನ ಚಾರ್ಜಿಂಗ್ ಜಾಗಕ್ಕೆ ಚುಚ್ಚುವ ರಿಸೀವರು. ಅಡುಗೆ ವಿಡಿಯೋ ಮಾಡುವವರು, ಟ್ಯೂಷನ್ ಹೇಳುವವರು, ಜಾತ್ರೆ ವಿಡಿಯೋ ಮಾಡುವವರು, ಎಲ್ಲರೂ ಕೇಳುವ ಸಾಮಾನು ಇದು. ಕ್ಯಾಪ್ಷನ್ ಬರೆಯಲು ಸ್ವಲ್ಪ ಕಷ್ಟದ ಸಾಮಾನೂ ಹೌದು. ಅದಕ್ಕೇ ಇದನ್ನು ಆರಿಸಿಕೊಂಡೆ.

ಮೊದಲು ವಿಡಿಯೋವನ್ನು ಎರಡು ಸಲ ನೋಡಿ

ನಮ್ಮ ವಿಡಿಯೋ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಹತ್ತಿರ ತೆಗೆದದ್ದು ಅಂದುಕೊಳ್ಳಿ. ಬಸ್ಸು, ಆಟೋ, ಹಾರ್ನು, ಗದ್ದಲಕ್ಕೆ ಏನೂ ಕೊರತೆ ಇಲ್ಲ. ಮೈಕಿನ ಡೆಮೋಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ವಿಡಿಯೋ ಹೀಗಿದೆ:

ಮೊದಲ 4 ಸೆಕೆಂಡು, ಅಂಗಡಿಯ ಹುಡುಗ ಸ್ವಲ್ಪ ದೂರದಲ್ಲಿ ನಿಂತು ಮಾತಾಡುತ್ತಾನೆ. ಫೋನಿನ ಸ್ವಂತ ಮೈಕಿನಲ್ಲಿ ಅವನ ಮಾತು ಗಾಡಿ ಸದ್ದಿನಲ್ಲಿ ಕಳೆದುಹೋಗುತ್ತದೆ. ಮುಂದಿನ 3 ಸೆಕೆಂಡು, ರಿಸೀವರನ್ನು ಫೋನಿಗೆ ಚುಚ್ಚುತ್ತಾನೆ, ಮೈಕನ್ನು ಕಾಲರಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ 5 ಸೆಕೆಂಡು, ಅದೇ ಜಾಗದಲ್ಲಿ ನಿಂತು ಅದೇ ಮಾತು ಆಡುತ್ತಾನೆ. ಈಗ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕೊನೆಯ 3 ಸೆಕೆಂಡು ಬಾಕ್ಸು: ಎರಡು ಮೈಕು, ಒಂದು ರಿಸೀವರು, ಒಂದು ಕೇಬಲ್ಲು.

ಇದನ್ನು ಒಂದು ಸಲ ಸೌಂಡ್ ಇಟ್ಟು ನೋಡಿ, ಇನ್ನೊಂದು ಸಲ ಸೌಂಡ್ ಪೂರ್ತಿ ತೆಗೆದು ನೋಡಿ. ಎರಡನೇ ಸಲವೇ ಮುಖ್ಯ. ಬಸ್ಸಿನಲ್ಲಿ, ಆಫೀಸಿನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಕೂತು ನೋಡುವವರು ಸೌಂಡ್ ಇಡುವುದಿಲ್ಲ. ಮೊಬೈಲ್ ಸ್ಟ್ಯಾಂಡಿನ ವಿಡಿಯೋ ಆಗಿದ್ದರೆ ಸೌಂಡ್ ಇಲ್ಲದಿದ್ದರೂ ನಡೆಯುತ್ತಿತ್ತು, ಫೋನು ನಿಂತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಮೈಕಿನ ವಿಡಿಯೋಗೆ ಸೌಂಡ್ ತೆಗೆದರೆ ಉಳಿಯುವುದು ರಸ್ತೆ ಬದಿಯಲ್ಲಿ ಬಾಯಿ ಆಡಿಸುತ್ತಿರುವ ಒಬ್ಬ ಹುಡುಗ ಮಾತ್ರ. ಏನು ಸಾಬೀತಾಗಬೇಕಿತ್ತೋ ಅದೇ ಮಾಯ.

ಈಗ ಒಂದು ಚೀಟಿ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಒಂದು, ವಿಡಿಯೋದಲ್ಲಿ ಆಗಲೇ ಕಾಣುವುದು: ವೈರ್ ಇಲ್ಲ, ಕಾಲರಿಗೆ ಹಾಕುವುದು, ಫೋನಿಗೆ ನೇರವಾಗಿ ಚುಚ್ಚುವುದು, ಎರಡು ಮೈಕ್ ಬರುತ್ತವೆ. ಇನ್ನೊಂದು, ವಿಡಿಯೋದಲ್ಲಿ ಎಲ್ಲೂ ಕಾಣದ್ದು: ರಿಸೀವರಿನ ಪಿನ್ ಯಾವುದು, ಯಾವ ಫೋನಿಗೆ ಆಗುತ್ತದೆ, ರೇಟ್ ಎಷ್ಟು, ಎಲ್ಲಿ ಸಿಗುತ್ತದೆ, ಸೌಂಡ್ ಇಟ್ಟು ಕೇಳಬೇಕು ಅನ್ನುವ ಸಂಗತಿ. "ಪಿನ್ ಚುಚ್ಚುವುದು ಕಾಣುತ್ತದಲ್ಲ" ಅಂತ ನೀವು ಅನ್ನಬಹುದು. ಅರ್ಧ ಸೆಕೆಂಡಿನಲ್ಲಿ, ಬೆರಳಿನ ಮರೆಯಲ್ಲಿ ಹೋಗುವ ಪಿನ್ ಟೈಪ್-ಸಿಯೋ ಹಳೆಯ ಐಫೋನಿನದೋ ಅಂತ ಯಾರಿಗೂ ತಿಳಿಯುವುದಿಲ್ಲ.

ಮೊದಲ ಪಟ್ಟಿಯಲ್ಲಿರುವ ಒಂದು ಪದವೂ ಕ್ಯಾಪ್ಷನ್‌ಗೆ ಬರಬಾರದು. ಇದೊಂದು ನಿಯಮ ಪಾಲಿಸಿದರೆ ಅರ್ಧ ಕೆಲಸ ಮುಗಿಯಿತು.

ಗಿರಾಕಿ ಕೇಳುವ ಪ್ರಶ್ನೆ ಕೌಂಟರಿನಲ್ಲಿ ಸಿಗುತ್ತದೆ

ಎರಡನೇ ಪಟ್ಟಿಯಲ್ಲಿ ನಾಲ್ಕೈದು ಸಂಗತಿ ಇರುತ್ತವೆ. ಮೊದಲ ಸಾಲಿಗೆ ಒಂದೋ ಎರಡೋ ಮಾತ್ರ ಹಿಡಿಸುತ್ತವೆ. ಯಾವುದನ್ನು ಆರಿಸಬೇಕು? ಇದನ್ನು ಕೂತು ಯೋಚಿಸಬೇಡಿ, ಹೋಗಿ ಕೇಳಿ. ಅಂಗಡಿಯಲ್ಲಿ ಕೌಂಟರಿನ ಹುಡುಗನಿಗೆ ಇದು ಬಾಯಿಪಾಠ ಆಗಿರುತ್ತದೆ. ಹುಬ್ಬಳ್ಳಿ ಕೌಂಟರಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಈ ಮೈಕ್ ನನ್ನ ಫೋನಿಗೆ ಆಗ್ತೈತೇನ್ರಿ?"

"ಚಾರ್ಜರ್ ಪಿನ್ ಯಾವ್ದೈತ್ರಿ? ಸಿ ಪಿನ್ ಇದ್ರ ಆಗ್ತೈತ್ರಿ."

"ಐಫೋನಿಗೆ?"

"ಹದಿನೈದು, ಅದರ ಮ್ಯಾಲಿಂದು ಇದ್ರ ಇದ ನಡೀತೈತ್ರಿ. ಹಳೇದಿದ್ರ ಬ್ಯಾರೆ ಪಿನ್ನಿಂದು ಕೊಡ್ತೀನ್ರಿ."

ಕ್ಯಾಪ್ಷನ್ ಇಲ್ಲೇ ಇದೆ, ನೋಡಿ. ಗಿರಾಕಿ ಏನು ಕೇಳಿದ, ಹುಡುಗ ಯಾವ ಪದದಲ್ಲಿ ಉತ್ತರ ಕೊಟ್ಟ ಅನ್ನುವುದಷ್ಟೇ ನಮಗೆ ಬೇಕು. ಹುಡುಗ "ಯುಎಸ್‌ಬಿ ಟೈಪ್-ಸಿ ಇಂಟರ್‌ಫೇಸ್" ಅನ್ನಲಿಲ್ಲ, "ಸಿ ಪಿನ್" ಅಂದ. ಗಿರಾಕಿಗೆ ಒಂದೇ ಏಟಿಗೆ ತಿಳಿಯಿತು. ಅದನ್ನೇ ಬರೆಯಿರಿ. ಬಾಕ್ಸಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಸಾಲನ್ನು ಕನ್ನಡಕ್ಕೆ ತಿರುಗಿಸಲು ಹೋದರೆ "ಉನ್ನತ ಗುಣಮಟ್ಟದ ಧ್ವನಿ ಸೆರೆಹಿಡಿಯುವಿಕೆ" ಅಂತ ಏನೇನೋ ಬಂದು ಕೂರುತ್ತದೆ. ಹಾಗೆ ಯಾರೂ ಮಾತಾಡುವುದಿಲ್ಲ.

ಪಿನ್ನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಸಾಮಾನು ವಾಪಸ್ ಬರುತ್ತದೆ. ಐಫೋನ್ 14ರವರೆಗೆ ಆ್ಯಪಲ್‌ನ ಸ್ವಂತ ಲೈಟ್ನಿಂಗ್ ಪಿನ್ ಇತ್ತು. 2023ರಲ್ಲಿ ಬಂದ ಐಫೋನ್ 15ರಿಂದ ಸಿ ಪಿನ್. ಹಾಗಾಗಿ "ಐಫೋನಿಗೂ ಆಗುತ್ತದೆ" ಅಂತ ಬರೆದರೆ ಅರ್ಧ ಸತ್ಯ. 13 ಇಟ್ಟುಕೊಂಡವರು ಆರ್ಡರ್ ಮಾಡಿ, ಪಿನ್ ಹೋಗದೆ ನಿಮಗೇ ಫೋನ್ ಮಾಡುತ್ತಾರೆ. "ಐಫೋನ್ 15ರಿಂದ ಮೇಲೆ" ಅಂತ ಬರೆದರೆ ಮೂರೇ ಪದ, ಗೊಂದಲ ಇಲ್ಲ.

ಆಂಡ್ರಾಯ್ಡ್ ಕಡೆ ಇನ್ನೊಂದು ತೊಡಕಿದೆ. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ತರಹದ ಹಲವು ಫೋನುಗಳಲ್ಲಿ ಹೊರಗಿನ ಸಾಮಾನು ಚುಚ್ಚಿದ ಕೂಡಲೇ ನಡೆಯುವುದಿಲ್ಲ. ಸೆಟಿಂಗ್ಸ್‌ಗೆ ಹೋಗಿ ಓಟಿಜಿ ಆನ್ ಮಾಡಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿಯೇ ಆಫ್ ಕೂಡ ಆಗುತ್ತದೆ. ಗಿರಾಕಿ "ಮೈಕ್ ಸತ್ತಿದೆ" ಅಂತ ತರುವುದರಲ್ಲಿ ಎಷ್ಟೋ ಸಲ ಮೈಕ್ ಚೆನ್ನಾಗಿಯೇ ಇರುತ್ತದೆ, ಓಟಿಜಿ ಆಫ್ ಆಗಿರುತ್ತದೆ. ಇನ್ನು ದಪ್ಪ ಬ್ಯಾಕ್ ಕವರ್ ಇದ್ದರೆ ರಿಸೀವರಿನ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ಲೈಟ್ ಹತ್ತುತ್ತದೆ, ಸೌಂಡ್ ಬರುವುದಿಲ್ಲ, ಅಥವಾ ಅಲ್ಲಾಡಿದಾಗ ಕಟ್ ಆಗುತ್ತದೆ. ಕೆಲವು ಫೋನುಗಳ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ತೆಗೆದುಕೊಳ್ಳುವುದೇ ಇಲ್ಲ. ಅಂಥವರಿಗೆ ಮೈಕ್ ಆರಿಸಲು ಬಿಡುವ `Open Camera` ತರಹದ ಆ್ಯಪ್ ಬೇಕಾಗುತ್ತದೆ.

ಇವೆಲ್ಲ ಗಿರಾಕಿಗೆ ಬೇಕಾದ ಸಂಗತಿಗಳೇ. ಆದರೂ ಮೊದಲ ಸಾಲಿಗೆ ಬೇಡ. ಪಿನ್ ಯಾವುದು ಅನ್ನುವುದು ಕೊಳ್ಳುವ ಮೊದಲಿನ ಪ್ರಶ್ನೆ. ಓಟಿಜಿ, ಕವರ್, ಆ್ಯಪ್ ಎಲ್ಲ ಕೊಂಡ ಮೇಲಿನ ಪ್ರಶ್ನೆಗಳು. ಅವುಗಳಿಗೆ ನೀವೇ ಬರೆದು ಎಲ್ಲ ಕಮೆಂಟುಗಳ ಮೇಲೆ ಪಿನ್ ಮಾಡಿಟ್ಟ ಕಮೆಂಟು ಸರಿಯಾದ ಜಾಗ. ಅಲ್ಲಿ ನಾಲ್ಕು ಸಾಲು ಬರೆದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಏಕೆಂದರೆ ಅಷ್ಟು ಕೆಳಗೆ ಇಳಿದು ಬಂದವರು ಕೊಳ್ಳಲು ಮನಸ್ಸು ಮಾಡಿದವರೇ.

ಉದ್ದಕ್ಕೆ ಬರೆಯಿರಿ, ಆಮೇಲೆ ಕತ್ತರಿ ಹಾಕಿ

ಚಿಕ್ಕದಾಗಿ ಬರೆಯಬೇಕು ಅಂತ ಮೊದಲೇ ಹಟ ಹಿಡಿದರೆ "ಹೊಸ ಸ್ಟಾಕ್ 🔥" ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಒಂದು ಉದ್ದದ ವಾಕ್ಯದಲ್ಲಿ ಸುರಿದುಬಿಡಿ:

"ಗಾಡಿ ಸದ್ದಿನ ಮಧ್ಯೆಯೂ ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸುವ ಈ ವೈರ್‌ಲೆಸ್ ಕಾಲರ್ ಮೈಕನ್ನು ಸಿ ಪಿನ್ ಇರುವ ಫೋನುಗಳಿಗೆ ಮತ್ತು ಐಫೋನ್ 15ರಿಂದ ಮೇಲಿನ ಫೋನುಗಳಿಗೆ ನೇರವಾಗಿ ಚುಚ್ಚಿ ಬಳಸಬಹುದು, ಬಾಕ್ಸಿನಲ್ಲಿ ಎರಡು ಮೈಕ್ ಬರುತ್ತವೆ, ವ್ಯತ್ಯಾಸ ತಿಳಿಯಲು ವಿಡಿಯೋವನ್ನು ಸೌಂಡ್ ಇಟ್ಟು ನೋಡಿ."

ಈಗ ಮೊದಲ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಹೊಡೆದುಹಾಕುತ್ತಾ ಬನ್ನಿ. "ಗಾಡಿ ಸದ್ದಿನ ಮಧ್ಯೆಯೂ ಸ್ಪಷ್ಟವಾಗಿ ಕೇಳಿಸುವ" ಅನ್ನುವುದು ವಿಡಿಯೋ ಮಾಡಬೇಕಾದ ಕೆಲಸ, ತೆಗೆಯಿರಿ. ಇಡೀ ವಿಡಿಯೋ ಇರುವುದೇ ಅದನ್ನು ತೋರಿಸಲು. ಅದನ್ನೇ ಬಾಯಲ್ಲೂ ಹೇಳಿದರೆ ತೋರಿಸಿದ್ದರ ಮೇಲೆ ನಮಗೇ ನಂಬಿಕೆ ಇಲ್ಲದ ಹಾಗೆ ಕಾಣುತ್ತದೆ. "ವೈರ್‌ಲೆಸ್" ಕಣ್ಣಿಗೆ ಕಾಣುತ್ತದೆ, ತೆಗೆಯಿರಿ. "ನೇರವಾಗಿ ಚುಚ್ಚಿ ಬಳಸಬಹುದು" ಅದೂ ಕಾಣುತ್ತದೆ. "ಎರಡು ಮೈಕ್" ಕೊನೆಯ ಬಾಕ್ಸಿನ ಶಾಟಿನಲ್ಲಿದೆ. "ವ್ಯತ್ಯಾಸ ತಿಳಿಯಲು ವಿಡಿಯೋವನ್ನು" ಅನ್ನುವಷ್ಟು ವಿವರಣೆ ಬೇಡ.

ಉಳಿಯುವುದು ನಾಲ್ಕು ತುಂಡು: ಕಾಲರ್ ಮೈಕ್, ಸಿ ಪಿನ್, ಐಫೋನ್ 15ರಿಂದ ಮೇಲೆ, ಸೌಂಡ್ ಇಟ್ಟು ಕೇಳಿ.

"ಕಾಲರ್ ಮೈಕ್" ಅನ್ನುವುದೂ ಕಾಣುತ್ತದಲ್ಲ, ಅದನ್ನೇಕೆ ಉಳಿಸಿದ್ದು? ಹೆಸರು ಇರಲೇಬೇಕು. ಗಿರಾಕಿ ಇನ್ನೊಂದು ಅಂಗಡಿಗೆ ಹೋಗಿ ಕೇಳಲಿಕ್ಕೂ ಹೆಸರು ಬೇಕು, ನಾಳೆ ಹುಡುಕಲಿಕ್ಕೂ ಹೆಸರು ಬೇಕು. ಮೊದಲ ಪಟ್ಟಿಯ ನಿಯಮಕ್ಕೆ ಇದೊಂದೇ ವಿನಾಯಿತಿ.

ಈಗ ತುಂಡುಗಳನ್ನು ಜೋಡಿಸೋಣ. ನಾನು ಬರೆಯುವುದು ಹೀಗೆ:

"ಸಿ ಪಿನ್ ಫೋನಿಗೆ ಕಾಲರ್ ಮೈಕ್. ಸೌಂಡ್ ಇಟ್ಟು ಕೇಳಿ."

ಅದರ ಕೆಳಗೆ, ಎರಡನೇ ಸಾಲಿನಲ್ಲಿ: "ಐಫೋನ್ 15ರಿಂದ ಮೇಲೆ ಆಗುತ್ತದೆ. ಹಳೆಯ ಐಫೋನಿಗೆ ಬೇರೆ ಪಿನ್ ಇದೆ, ಕೇಳಿ."

"ಎಲ್ಲ ಫೋನಿಗೂ" ಅನ್ನುವ ಮಾತು ನಾನು ಎಲ್ಲೂ ಬಳಸಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಬಾಕ್ಸಿನ ಮೇಲೆ ಏನೇ ಬರೆದಿರಲಿ, ಓಟಿಜಿ ಸಂಗತಿ ಗೊತ್ತಿದ್ದೂ "ಎಲ್ಲ" ಅಂತ ಬರೆಯುವುದು ಜಗಳವನ್ನು ಮನೆಗೆ ಕರೆದ ಹಾಗೆ.

ಸೌಂಡ್ ಮಾತನ್ನು ಮೊದಲು ಹಾಕಬೇಕಾ, ಪಿನ್ ಮಾತನ್ನಾ? ಇದರಲ್ಲಿ ಎರಡು ಅಭಿಪ್ರಾಯ ಇವೆ. ಸೌಂಡ್ ಇಲ್ಲದೆ ಡೆಮೋನೇ ಇಲ್ಲವಾದ್ದರಿಂದ ಅದು ಮೊದಲು ಬರಲಿ ಅನ್ನುವವರಿದ್ದಾರೆ. ನನಗೆ ಪಿನ್ ಮೊದಲು ಇರುವುದೇ ಸರಿ ಅನ್ನಿಸುತ್ತದೆ. ಸೌಂಡ್ ಇಡಿ ಅನ್ನುವುದನ್ನು ವಿಡಿಯೋದ ಮೊದಲ ಫ್ರೇಮಿನಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಲು ಬರುತ್ತದೆ, ಅದು ಎಂದೂ ಬದಲಾಗದ ಮಾತು. ಹಾಗೆ ಹಾಕಿದ್ದರೆ ಕ್ಯಾಪ್ಷನ್‌ನಿಂದ ಅದನ್ನು ತೆಗೆದೇಬಿಡಬಹುದು. ಆಗ ಮೊದಲ ಸಾಲು ಇನ್ನೂ ಹಗುರ: "ಸಿ ಪಿನ್ ಫೋನಿಗೆ ಕಾಲರ್ ಮೈಕ್. ಐಫೋನ್ 15ರಿಂದ ಮೇಲೆ."

ಎಷ್ಟು ಅಕ್ಷರ ಕಾಣುತ್ತದೆ?

ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಷನ್‌ಗೆ 2,200 ಕ್ಯಾರೆಕ್ಟರ್ ತನಕ ಜಾಗ ಇದೆ. ಆದರೆ ರೀಲ್ಸ್ ನೋಡುವಾಗ ಅದರ ಮೊದಲ ಚೂರು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. 15 ಸೆಕೆಂಡಿನ ವಿಡಿಯೋ ನೋಡುವವರು ಅದನ್ನು ಒತ್ತುತ್ತಾರೆ ಅಂತ ನಂಬಿಕೊಂಡು ಬರೆಯಬೇಡಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಕ್ಯಾಪ್ಷನ್ ಅಂದರೆ ಟೈಟಲ್ಲೇ, ಅದರ ಮಿತಿ 100 ಕ್ಯಾರೆಕ್ಟರ್.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ಲೆಕ್ಕ ಬೇರೆಯಾಗುತ್ತದೆ. ನಮ್ಮ ಕಣ್ಣಿಗೆ "ಮೈಕ್" ಎರಡು ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು: ಮ, ಐತ್ವ, ಕ, ಕೊನೆಯ ಅರ್ಧಾಕ್ಷರದ ಗುರುತು. ಒತ್ತಕ್ಷರ ಇದ್ದರೆ ಇನ್ನೂ ಜಾಸ್ತಿ. "ಸ್ಟ್ಯಾಂಡ್" ಅನ್ನುವ ಪುಟ್ಟ ಪದವೇ ಒಂಬತ್ತು ಆಗುತ್ತದೆ. "ಸಿ ಪಿನ್ ಫೋನಿಗೆ ಕಾಲರ್ ಮೈಕ್. ಸೌಂಡ್ ಇಟ್ಟು ಕೇಳಿ." ಅನ್ನುವ ನಮ್ಮ ಸಾಲು ಖಾಲಿ ಜಾಗವೂ ಸೇರಿ 44. ಶಾರ್ಟ್ಸ್ ಟೈಟಲ್ಲಿಗೆ ಅರಾಮಾಗಿ ಹಿಡಿಸುತ್ತದೆ. ಅದೇ ಮೊದಲಿನ ಉದ್ದದ ವಾಕ್ಯವನ್ನು ಹಾಕಲು ಹೋಗಿದ್ದರೆ ಮಧ್ಯದಲ್ಲೇ ತಡೆಯುತ್ತಿತ್ತು.

ಮಿತಿಗಿಂತ ಮುಖ್ಯ, ತೆರೆಯ ಮೇಲೆ ಎಷ್ಟು ಕಾಣುತ್ತದೆ ಅನ್ನುವುದು. ಅದು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಅಪ್ಪ ಅಮ್ಮಂದಿರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿರುತ್ತಾರೆ, ಅಲ್ಲಿ ಇನ್ನೂ ಬೇಗ ಕತ್ತರಿಸುತ್ತದೆ. ಹಾಗಾಗಿ ಇಷ್ಟೇ ಅಕ್ಷರ ಅಂತ ನಾನು ಹೇಳುವುದಕ್ಕಿಂತ ನೀವೇ ಪರೀಕ್ಷೆ ಮಾಡುವುದು ಒಳ್ಳೆಯದು. ಹಾಕಿದ ಕೂಡಲೇ ಬೇರೆಯವರ ಫೋನಿನಲ್ಲಿ, ಸಾಧ್ಯವಾದರೆ ಚಿಕ್ಕ ತೆರೆಯ ಅಗ್ಗದ ಫೋನಿನಲ್ಲಿ ತೆರೆದು ನೋಡಿ. ಕತ್ತರಿಸುವ ಜಾಗದ ಮೊದಲೇ "ಸಿ ಪಿನ್" ಮತ್ತು "ಕಾಲರ್ ಮೈಕ್" ಎರಡೂ ಬಂದಿದ್ದರೆ ಸಾಕು. ಅಂಗಡಿ ಹೆಸರಿನಿಂದ ಶುರು ಮಾಡುವವರು ಸೋಲುವುದು ಇಲ್ಲೇ. ನಿಮ್ಮ ಅಕೌಂಟಿನ ಹೆಸರು ಅದರ ಮೇಲೇ ಕಾಣುತ್ತಿರುತ್ತದೆ, ಮತ್ತೆ ಬರೆದರೆ ಕಾಣುವ ಚೂರೆಲ್ಲ ಅದಕ್ಕೇ ಹೋಗುತ್ತದೆ.

ಎಮೋಜಿಯಿಂದ ಶುರು ಮಾಡುವುದೂ ಅಷ್ಟೇ. ಬೇಕಿದ್ದರೆ ಸೌಂಡ್ ಮಾತಿನ ಪಕ್ಕ ಒಂದು 🎧 ಹಾಕಿ, ಅದಕ್ಕೆ ಕೆಲಸ ಇದೆ. ಬೆಂಕಿ, ರಾಕೆಟ್ಟುಗಳಿಗೆ ಇಲ್ಲ.

ವಿಡಿಯೋ ಮೇಲೆ ಬರೆಯುವ ಅಕ್ಷರಗಳ ಬಗ್ಗೆ ಒಂದು ಮಾತು. ರೀಲ್ಸ್‌ನಲ್ಲೂ ಶಾರ್ಟ್ಸ್‌ನಲ್ಲೂ ತೆರೆಯ ಕೆಳಭಾಗದಲ್ಲಿ ಹೆಸರು, ಕ್ಯಾಪ್ಷನ್ ಬಂದು ಕೂರುತ್ತವೆ, ಬಲಗಡೆ ಲೈಕ್, ಕಮೆಂಟ್ ಬಟನ್ನುಗಳು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಏನೂ ಬರೆಯಬೇಡಿ. ಬರೆದರೆ ನಿಮ್ಮ ಕ್ಯಾಪ್ಷನ್ ನಿಮ್ಮ ಅಕ್ಷರದ ಮೇಲೇ ಬಂದು ಎರಡೂ ಓದಲಾಗುವುದಿಲ್ಲ.

ಬಾಕ್ಸಿನ ಮಾತನ್ನು ಬಾಕ್ಸಿನಲ್ಲೇ ಬಿಡಿ

ಮೈಕಿನ ಬಾಕ್ಸುಗಳ ಮೇಲೆ "20 ಮೀಟರ್ ದೂರ", "ನೋಯ್ಸ್ ಕ್ಯಾನ್ಸಲೇಷನ್" ಅಂತ ಇರುತ್ತದೆ. ಕ್ಯಾಪ್ಷನ್‌ಗೆ ಎತ್ತಿಹಾಕಲು ಕೈ ತುರಿಸುತ್ತದೆ. ಆದರೆ ಆ ದೂರ ಬಯಲಲ್ಲಿ, ಮೈಕಿಗೂ ರಿಸೀವರಿಗೂ ನಡುವೆ ಏನೂ ಅಡ್ಡ ಇಲ್ಲದಾಗಿನ ಮಾತು. ಈ ಮೈಕುಗಳು ಹೆಚ್ಚಾಗಿ ಓಡುವುದು ವೈಫೈ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ. ಮಾತಾಡುವವರು ಕ್ಯಾಮೆರಾಗೆ ಬೆನ್ನು ತಿರುಗಿಸಿದರೆ ಸಾಕು, ಅವರ ಮೈಯೇ ಸಿಗ್ನಲ್ಲಿಗೆ ಅಡ್ಡ ಬಂದು ಧ್ವನಿ ತುಂಡಾಗಬಹುದು.

ನೀವು ಏನು ಮಾಡಿ ನೋಡಿದಿರೋ ಅಷ್ಟನ್ನೇ ಬರೆಯಿರಿ. ಸರ್ಕಲ್ ಹತ್ತಿರ ಹುಡುಗ ನಿಂತದ್ದು 10 ಅಡಿ ದೂರದಲ್ಲಿ ಆಗಿದ್ದರೆ "10 ಅಡಿ ದೂರದಿಂದ ಮಾತಾಡಿದ್ದು" ಅನ್ನಿ. 20 ಮೀಟರಿಗಿಂತ ಈ 10 ಅಡಿಯನ್ನು ಜನ ಜಾಸ್ತಿ ನಂಬುತ್ತಾರೆ, ಏಕೆಂದರೆ ಕಣ್ಣೆದುರೇ ಇದೆ. ಸದ್ದಿನ ವಿಷಯವೂ ಹಾಗೇ. ಹಲವು ಮಾಡೆಲ್‌ಗಳಲ್ಲಿ ಮೈಕಿನ ಬಟನ್ ಒತ್ತಿದರೆ ಸದ್ದು ಕಡಿಮೆ ಮಾಡುವ ಮೋಡ್ ಆನ್ ಆಗುತ್ತದೆ. ಸದ್ದು ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಜೊತೆಗೆ ಮಾತಿನ ಧ್ವನಿಯೂ ಸ್ವಲ್ಪ ಡಬ್ಬಿಯೊಳಗಿಂದ ಬಂದಂತೆ ಆಗಬಹುದು. "ಗಾಡಿ ಸದ್ದು ಜೀರೋ" ಅಂತ ಬರೆದು, ವಿಡಿಯೋದ 11ನೇ ಸೆಕೆಂಡಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿದರೆ ಕಮೆಂಟಿನಲ್ಲಿ ಯಾರಾದರೂ ಅದನ್ನೇ ಎತ್ತಿ ಹಿಡಿಯುತ್ತಾರೆ.

ಇನ್ನೊಂದು ಕಿತಾಪತಿ ನಡೆಯುತ್ತದೆ. ವಿಡಿಯೋ ತೆಗೆದ ಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಸದ್ದು ತೆಗೆದು, ಅದನ್ನೇ ಮೈಕಿನ ಸೌಂಡ್ ಅಂತ ತೋರಿಸುವುದು. ಗುರುತು ಹಿಡಿಯುವುದು ಸುಲಭ: ಮಾತಿನ ನಡುವಿನ ಗ್ಯಾಪ್‌ಗಳಲ್ಲಿ ಚೂರೂ ಸದ್ದಿಲ್ಲದೆ ಮೌನವಾಗಿಬಿಡುತ್ತದೆ, ಹಿಂದೆ ಮಾತ್ರ ಬಸ್ ಹೋಗುತ್ತಿರುತ್ತದೆ. ಹಾಗೆ ಮಾಡಿದ ವಿಡಿಯೋಗೆ ಎಂಥ ಕ್ಯಾಪ್ಷನ್ ಬರೆದರೂ ಅದು ಸುಳ್ಳೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ಅದು ತಯಾರಕರಿಗೆ ಮಾತ್ರ ಅಲ್ಲ, ಸಾಮಾನನ್ನು ಹೊಗಳಿ ಪ್ರಚಾರ ಮಾಡುವವರಿಗೂ ತಟ್ಟುತ್ತದೆ.

ಇದೇ ಮಾತು ಅಂಗಡಿಯವರಲ್ಲದ, ಮೈಕನ್ನು ಉಚಿತವಾಗಿ ಪಡೆದು ವಿಡಿಯೋ ಮಾಡುವವರಿಗೂ ಸೇರಬೇಕು. ದುಡ್ಡು ತೆಗೆದುಕೊಂಡಿಲ್ಲ, ಬರೀ ಮೈಕ್ ಕಳಿಸಿದ್ದಾರೆ ಅಂದರೂ ಅದನ್ನು ಹೇಳಬೇಕು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯ ಪ್ರಕಾರ ಈ ಮಾತು ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹೂತುಹೋಗಬಾರದು, ವಿಡಿಯೋ ಆದರೆ ಕೆಳಗಿನ ಬರಹದಲ್ಲಿ ಮಾತ್ರ ಇದ್ದರೆ ಸಾಲದು, ವಿಡಿಯೋ ಒಳಗೂ ಇರಬೇಕು. ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು. ಕನ್ನಡ ವಿಡಿಯೋಗೆ "ಜಾಹೀರಾತು" ಅನ್ನುವ ಒಂದು ಪದ ಸಾಕು. ಕ್ಯಾಪ್ಷನ್‌ನಲ್ಲಿ ಅದನ್ನು ಮೊಟ್ಟಮೊದಲು ಹಾಕಿ: "ಜಾಹೀರಾತು. ಸಿ ಪಿನ್ ಫೋನಿಗೆ ಕಾಲರ್ ಮೈಕ್." ಮೊದಲ ಸಾಲು ಅಷ್ಟು ಉದ್ದವಾಗುತ್ತದೆ, ಆಗಲಿ.

ರೇಟ್ ಮತ್ತು ಹ್ಯಾಷ್‌ಟ್ಯಾಗ್

"ರೇಟ್‌ಗೆ ಮೆಸೇಜ್ ಮಾಡಿ" ಅಂತ ಬರೆಯುವುದು ಅಭ್ಯಾಸ ಆಗಿಬಿಟ್ಟಿದೆ. ನನಗೆ ಅದು ಇಷ್ಟ ಇಲ್ಲ. ಮೆಸೇಜ್ ಮಾಡಲು ಸಂಕೋಚ ಪಡುವವರು ಸುಮ್ನೆ ಮುಂದಿನ ವಿಡಿಯೋಗೆ ಹೋಗುತ್ತಾರೆ. ಮಾಡಿದವರಿಗೆಲ್ಲ ಅದೇ ಉತ್ತರವನ್ನು ಕೂತು ಟೈಪ್ ಮಾಡುವುದೂ ನೀವೇ. ರೇಟ್ ಹಾಕಿ, ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ನೋಡಿಕೊಳ್ಳಿ. ವಿಡಿಯೋ ಮೇಲೆ ಬರೆದ ರೇಟನ್ನು ಹಾಕಿದ ಮೇಲೆ ತಿದ್ದಲು ಬರುವುದಿಲ್ಲ. ಇನ್‌ಸ್ಟಾಗ್ರಾಮಿನ ಕ್ಯಾಪ್ಷನ್, ಯೂಟ್ಯೂಬಿನ ಟೈಟಲ್ ಯಾವಾಗ ಬೇಕಾದರೂ ತಿದ್ದಬಹುದು. ಹಾಗಾಗಿ ಬದಲಾಗುವ ಮಾತೆಲ್ಲ ಕ್ಯಾಪ್ಷನ್‌ಗೆ, ಬದಲಾಗದ್ದು ಮಾತ್ರ ವಿಡಿಯೋ ಮೇಲೆ. ರೇಟ್ ಎರಡನೇ ಸಾಲಿನ ಕೊನೆಯಲ್ಲಿರಲಿ, ಕೊರಿಯರ್ ಚಾರ್ಜ್ ಸೇರಿದೆಯೋ ಇಲ್ಲವೋ ಅನ್ನುವುದರ ಜೊತೆಗೆ.

ಹ್ಯಾಷ್‌ಟ್ಯಾಗ್ ಮೂರು ಸಾಕು, ಅವೂ ಕೊನೆಯಲ್ಲಿ. ಕನ್ನಡದಲ್ಲಿ ಹಾಕುವುದಾದರೆ ಒಂದು ತೊಡಕು ಗಮನಿಸಿ. "ಕಾಲರ್" ಮತ್ತು "ಮೈಕ್" ಎರಡನ್ನೂ ಅಂಟಿಸಿ ಟೈಪ್ ಮಾಡಿದರೆ ನಡುವೆ ಅರ್ಕಾವೊತ್ತು ಬಂದು ಪದವೇ ಕೆಡುತ್ತದೆ. ಅಡಿಗೆರೆ ಹಾಕಿ #ಕಾಲರ್_ಮೈಕ್ ಅಂತ ಬರೆದರೆ ಕೆಡುವುದಿಲ್ಲ. ಹಾಕಿದ ಮೇಲೆ ಪೂರ್ತಿ ಪದ ಲಿಂಕ್ ಆಗಿದೆಯಾ, ಅರ್ಧಕ್ಕೇ ನಿಂತಿದೆಯಾ ಅಂತ ಒಮ್ಮೆ ಒತ್ತಿ ನೋಡಿ. ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವ ಕನ್ನಡಿಗರು ಬೇಕಾದಷ್ಟು ಇದ್ದಾರೆ, ಅವರಿಗೆಂದು `#collarmic` ಒಂದು ಇರಲಿ.

ಹಾಕುವ ಮೊದಲು, ಹಾಕಿದ ಮೇಲೆ

ಹಾಕುವ ಮೊದಲು ವಿಡಿಯೋ ನೋಡಿರದ ಒಬ್ಬರನ್ನು ಹಿಡಿಯಿರಿ. ಮನೆಯವರಾದರೂ ಆದೀತು, ಪಕ್ಕದ ಅಂಗಡಿಯವರಾದರೂ ಆದೀತು. ವಿಡಿಯೋವನ್ನು ಕ್ಯಾಪ್ಷನ್ ಜೊತೆಗೆ ಒಂದೇ ಸಲ ತೋರಿಸಿ, ಫೋನ್ ವಾಪಸ್ ತೆಗೆದುಕೊಳ್ಳಿ. ಎರಡೇ ಪ್ರಶ್ನೆ ಕೇಳಿ: ಇದು ಏನು? ನಿಮ್ಮ ಫೋನಿಗೆ ಆಗುತ್ತಾ? ಎರಡನೆಯದಕ್ಕೆ ಅವರು ತಮ್ಮ ಫೋನನ್ನು ತಿರುಗಿಸಿ ಚಾರ್ಜಿಂಗ್ ಜಾಗ ನೋಡಿಕೊಂಡರೆ ಕ್ಯಾಪ್ಷನ್ ಕೆಲಸ ಮಾಡಿದೆ. "ಗೊತ್ತಿಲ್ಲಪ್ಪಾ" ಅಂದರೆ ಸಾಲಿನ ಕ್ರಮ ಬದಲಿಸಿ. "ಚೆನ್ನಾಗಿದೆ" ಅಂದರೂ ಬದಲಿಸಿ, ಅದು ಉತ್ತರ ಅಲ್ಲ.

ಹಾಕಿದ ಮೇಲೆ ಮೊದಲ ದಿನದ ಕಮೆಂಟುಗಳೇ ನಿಮ್ಮ ತಿದ್ದುಪಡಿ. ಕ್ಯಾಪ್ಷನ್‌ನಲ್ಲಿ ಆಗಲೇ ಇರುವುದನ್ನೇ ಜನ ಕೇಳುತ್ತಿದ್ದರೆ ಅದು ಕತ್ತರಿಸಿದ ಜಾಗದ ಆಚೆ ಹೋಗಿದೆ ಅಂತ ಅರ್ಥ, ಮುಂದಕ್ಕೆ ತನ್ನಿ. ಇಲ್ಲದ್ದನ್ನು ಒಬ್ಬರಿಗಿಂತ ಜಾಸ್ತಿ ಜನ ಕೇಳಿದರೆ ಎರಡನೇ ಸಾಲಿಗೆ ಸೇರಿಸಿ. ಮೈಕಿನ ವಿಷಯದಲ್ಲಿ ಹೆಚ್ಚಾಗಿ ಬರುವುದು "ಚಾರ್ಜ್ ಹಾಕಿಕೊಂಡು ಬಳಸಬಹುದಾ?" ಅನ್ನುವ ಪ್ರಶ್ನೆ, ಏಕೆಂದರೆ ರಿಸೀವರು ಕೂರುವುದು ಚಾರ್ಜಿಂಗ್ ಜಾಗದಲ್ಲೇ. ಕೆಲವು ರಿಸೀವರುಗಳಿಗೆ ಪಕ್ಕದಲ್ಲಿ ಚಾರ್ಜಿಂಗಿಗೆ ಬೇರೆ ತೂತು ಇರುತ್ತದೆ, ಕೆಲವಕ್ಕೆ ಇಲ್ಲ. ನಿಮ್ಮ ಸ್ಟಾಕಿನಲ್ಲಿ ಇರುವುದು ಯಾವುದು ಅಂತ ನೋಡಿಕೊಂಡೇ ಬರೆಯಿರಿ.

ವಾಟ್ಸಾಪ್ ಸ್ಟೇಟಸ್‌ಗೆ ಇದೇ ಕ್ಯಾಪ್ಷನ್ ಹಾಕಬೇಡಿ. ಅಲ್ಲಿ ನೋಡುವವರು ನಿಮ್ಮ ನಂಬರ್ ಇಟ್ಟುಕೊಂಡ ಗಿರಾಕಿಗಳು, ಊರಿನವರು. ಅಲ್ಲಿ ಕೌಂಟರಿನ ಮಾತೇ ಚೆಂದ: "ಸಿ ಪಿನ್ ಇದ್ರ ಆಗ್ತೈತ್ರಿ. ಸೌಂಡ್ ಇಟ್ಟ ಕೇಳ್ರಿ." ಮೈಸೂರಿಗೂ ಮಂಗಳೂರಿಗೂ ಕೊರಿಯರ್ ಕಳಿಸುವ ಅಂಗಡಿಯಾದರೆ ಇನ್‌ಸ್ಟಾಗ್ರಾಮಿಗೆ ಮಾತ್ರ ಮೇಲಿನ ಸಾದಾ ಕನ್ನಡದ ಸಾಲು ಇರಲಿ.

ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ. ರೀಲ್ಸ್ ಹಾಗಲ್ಲ, ತಿಂಗಳಾದ ಮೇಲೂ ಯಾರಿಗೋ ಕಾಣಿಸುತ್ತಿರುತ್ತದೆ. ಮುಂದಿನ ಲಾಟ್‌ನಲ್ಲಿ ಎರಡೂ ಪಿನ್ ಇರುವ ರಿಸೀವರ್ ಬಂದರೆ, ಅಥವಾ ರೇಟ್ ಬದಲಾದರೆ, ಹೊಸ ವಿಡಿಯೋ ತೆಗೆಯುವ ಮೊದಲು ಹಳೆಯದರ ಕ್ಯಾಪ್ಷನ್ ತೆರೆದು ತಿದ್ದಿಬಿಡಿ. ಸ್ಟಾಕ್ ಮುಗಿದಿದ್ದರೆ ಮೊದಲ ಸಾಲಿನಲ್ಲೇ "ಸದ್ಯ ಸ್ಟಾಕ್ ಇಲ್ಲ" ಅಂತ ಹಾಕಿ, ಮತ್ತೆ ಬಂದ ದಿನ ತೆಗೆಯಿರಿ.